ಸಾವಕ್ಕನ ಗಜ್ಜರಿ ಚರಗಿ

ಸಾವಕ್ಕನಿಗೆ ಯಾವ ಕೆಲಸವನ್ನೂ ಎಷ್ಟು ಬೇಕೋ ಅಷ್ಟೇ ಮಾಡಿ ಗೊತ್ತಿರಲಿಲ್ಲ. ಅಂಗಳ ಸಾರಿಸು ಎಂದರೆ ಪಕ್ಕದ ಮನೆಯ ಕಟ್ಟೆಯನ್ನೂ ಸಾರಿಸಿ ಬರುವವಳು. ರೊಟ್ಟಿ ಬಡಿಯಲು ಕೂತರೆ ಬುಟ್ಟಿ ತುಂಬಿ ಮೇಲೆ ಗೋಪುರ ಏಳುವವರೆಗೂ ಏಳದವಳು. ಅವಳ ಅತ್ತೆ ಕಲ್ಲವ್ವ, "ನಮ್ಮ ಸೊಸಿಗೆ ಹನಿ ನೀರು ತಾ ಅಂದ್ರ ಬಾವೀನ ಹೊತ್ಕೊಂಡು ಬರ್ತಾಳ" ಎಂದು ಓಣಿಯೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಅದರಲ್ಲಿ ಬೈಗುಳ ಎಷ್ಟು, ಹೆಮ್ಮೆ ಎಷ್ಟು ಎಂದು ಅವಳಿಗೇ ತಿಳಿದಿತ್ತೋ ಇಲ್ಲವೋ. ಈ ಸ್ವಭಾವದಿಂದಲೇ ಸಾವಕ್ಕ ಒಂದು ಚಳಿಗಾಲ ಮನೆಮಂದಿಯನ್ನೆಲ್ಲ ನಡುಗಿಸಿದಳು, ಕಡೆಗೆ ಹೊಟ್ಟೆ ಹಿಡಿದುಕೊಂಡು ನಗುವಂತೆಯೂ ಮಾಡಿದಳು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾವಿನ್ನೂ ಮುಂಬಯಿ ಸರಕಾರದ ಕೆಳಗೇ ಇದ್ದೆವು. ಗಜೇಂದ್ರಗಡದ ನಮ್ಮ ನೇಕಾರರ ಓಣಿಯಲ್ಲಿ ಮನೆಗೊಂದು ಮಗ್ಗ. ಮಗ್ಗವೆಂದರೆ ನೆಲದಲ್ಲಿ ಕುಣಿ ತೋಡಿ ಕೂಡಿಸಿದ್ದು. ನೇಯುವವರು ಅಂಚಿನ ಮೇಲೆ ಕೂತು, ಕುಣಿಯೊಳಗೆ ಕಾಲು ಬಿಟ್ಟು ಹಲಗೆ ತುಳಿಯಬೇಕು. ಸಾವಕ್ಕನ ಗಂಡ ಹುಚ್ಚಪ್ಪ ಸೀರೆಯ ಮೈ ನೇಯ್ದರೆ, ಅಂಚಿನ ಸಣ್ಣ ಕೆಲಸಕ್ಕೆ ಸಾವಕ್ಕನೇ ಕೂಡಬೇಕು. ಎಳೆ ಹರಿದರೆ ಅವಳು ಹಾಕಿದ ಗಂಟು ಕಣ್ಣಿಗೂ ಕಾಣದು, ಬೆರಳಿಗೂ ಸಿಗದು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಆಚೆ ಯಾರು ಸೀನಿದರೂ ಈಚೆ ಕೇಳುತ್ತಿತ್ತು.

ಆ ದೀಪಾವಳಿಯ ಹಿಂದುಮುಂದು ಸಾವಕ್ಕನಿಗೆ ಎರಡನೆಯ ಹೆರಿಗೆಯಾಯಿತು. ಮೊದಲನೆಯದು ಉಳಿದಿರಲಿಲ್ಲ. ಈ ಸಲ ಹೆಣ್ಣು ಕೂಸು, ಮುಷ್ಟಿಯಷ್ಟು ಮುಖ, ಅದರ ತುಂಬ ಅಳು. ಸುಶೀಲಾ ಎಂದು ಹೆಸರಿಟ್ಟರು. ಬಾಣಂತನ ಮುಗಿಸಿ ಸಾವಕ್ಕ ಮಗ್ಗಕ್ಕೆ ಕೂಡತೊಡಗಿದ ಹೊಸತರಲ್ಲಿ ಒಂದು ಸಂಜೆ ಕೂಸನ್ನು ಎತ್ತಿಕೊಂಡು ಒಳಗಿಂದ ಬರುತ್ತಿದ್ದವಳು ನಡುಮನೆಯಲ್ಲೇ ನಿಂತುಬಿಟ್ಟಳು. ಒಂದು ಕಾಲು ಆಗಲೇ ಮಗ್ಗದ ಕುಣಿಯ ಅಂಚು ಮೀರಿತ್ತು. ಹುಚ್ಚಪ್ಪ ಕೂಗಿದ ಕೂಗು ನಮ್ಮ ಗೋಡೆಯನ್ನೂ ನಡುಗಿಸಿತು.

"ಏ, ಕಣ್ಣು ಎಲ್ಲಿ ಇಟ್ಟೀ? ಕುಣಿ ಕಾಣವಲ್ದೇನು?"

"ಕಾಣವಲ್ದು" ಎಂದಳು ಸಾವಕ್ಕ. ಮೆಲ್ಲಗೆ ಹೇಳಿದಳು, ಆದರೂ ಗೋಡೆಯಾಚೆ ನನಗೆ ಕೇಳಿತು. "ಹೊತ್ತು ಮುಳುಗಿತಂದ್ರ ನನಗ ಏನೂ ಕಾಣವಲ್ದು. ಭಾಳ ದಿನಾತು. ಹೇಳಿದ್ರ ಮಗ್ಗ ಬಿಡಸ್ತೀರಿ ಅಂತ ಸುಮ್ನಿದ್ದೆ."

ಹಗಲಲ್ಲಿ ಕೂದಲಿನಂಥ ಎಳೆಯನ್ನು ಹಿಡಿಯುವ ಕಣ್ಣು, ದೀಪ ಹಚ್ಚುವ ಹೊತ್ತಿಗೆ ಕುರುಡಾಗುತ್ತಿತ್ತು. ಹಿರಿಯರು ಅದಕ್ಕೆ ಇರುಳುಗಣ್ಣು ಎನ್ನುತ್ತಿದ್ದರು. ಕೂಸು ಕೈಯಲ್ಲಿತ್ತೆಂಬುದನ್ನು ನೆನೆದು ಕಲ್ಲವ್ವನಿಗೆ ರಾತ್ರಿ ಊಟ ಇಳಿಯಲಿಲ್ಲ. ಮರುದಿನವೇ ಮಗ ಸೊಸೆ ಇಬ್ಬರನ್ನೂ ನರೇಗಲ್ಲಿಗೆ ಕಳಿಸಿದಳು. ಅಲ್ಲಿ ಪ್ರಭುಲಿಂಗಪ್ಪ ಎಂಬ ಡಾಕ್ಟರು ದವಾಖಾನೆ ಇಟ್ಟುಕೊಂಡಿದ್ದರು. ದಪ್ಪ ಗಾಜಿನ ಚಾಳೀಸು, ಸಣ್ಣ ಧ್ವನಿ. ಮೈಮೇಲೆ ಕೈಯಿಡುವ ಮೊದಲು ಮಾತು ಕೇಳುವ ಮನುಷ್ಯ.

ಅವರು ಕಣ್ಣು ನೋಡಿ, "ಕಣ್ಣಿಗೆ ಬೇಕಾದ ಸತ್ವ ಕಡಿಮಿ ಆಗೇತಿ ತಂಗಿ. ಬಸುರಿ, ಬಾಣಂತಿ ಇದ್ದಾಗ ಹಿಂಗಾಗೂದುಂಟು. ಕೂಸು ತನ್ನ ಪಾಲು ತಗೊಂಡುಬಿಡ್ತೈತಿ. ಮೀನಿನ ಎಣ್ಣಿ ಕೊಡ್ತೀನಿ, ಲಗೂ ಸುಧಾರಸ್ತೀ" ಎಂದರು.

ಸಾವಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದೇ ನಿಂತಳು. "ಮೀನಿಂದ್ರೀ? ಯಪ್ಪಾ, ಕುರುಡಿ ಆಗಿ ಇರ್ತೀನಿ, ಅದನ್ನ ಮುಟ್ಟೂದಿಲ್ರಿ."

ಡಾಕ್ಟರು ನಕ್ಕರು. "ಬ್ಯಾಡಾದ್ರ ಬಿಡು. ಹಸರು ತೊಪ್ಪಲ ಪಲ್ಯ ತಿನ್ನು, ಗಜ್ಜರಿ ತಿನ್ನು. ಮ್ಯಾಲ ಒಂಚೂರು ಎಣ್ಣಿ ಅಥವಾ ತುಪ್ಪ ಇರ್ಲಿ, ಇಲ್ಲಾಂದ್ರ ಆ ಸತ್ವ ಮೈಗೆ ಹತ್ತೂದಿಲ್ಲ."

ಗಜ್ಜರಿ ತಿನ್ನು ಎಂದರು, ಎಷ್ಟು ಎಂದು ಹೇಳಲಿಲ್ಲ. ಸಾವಕ್ಕನಂಥವಳಿಗೆ ಅದನ್ನು ಹೇಳದೆ ಕಳಿಸಬಾರದು ಎಂದು ಆ ಪುಣ್ಯಾತ್ಮನಿಗೆ ಹೇಗೆ ಗೊತ್ತಾಗಬೇಕು?

ಸಾವಕ್ಕನ ತವರು ಸೂಡಿ. ಅಣ್ಣ ಮುದಿಯಪ್ಪನಿಗೆ ಬಾವಿಯ ನೀರಿನ ತುಂಡು ಹೊಲ. ಆ ವರ್ಷ ಕೇಸರಿ ಬಣ್ಣದ ಗಜ್ಜರಿ ಹೊಲದ ತುಂಬ ಬಂದು, ತಿನ್ನುವವರಿಲ್ಲದೆ ಎತ್ತಿಗೂ ಹಾಕುತ್ತಿದ್ದ. ತಂಗಿಯ ಕಣ್ಣಿಗೆ ಬೇಕಂತೆ ಎಂದು ಕೇಳಿದ್ದೇ ತಡ, ನಮ್ಮೂರ ಕಡೆ ಬರುವ ಚಕ್ಕಡಿ ಸಿಕ್ಕಾಗಲೆಲ್ಲ ಒಂದು ಚೀಲ ಹಾಕಿ ಕಳಿಸತೊಡಗಿದ. ಸಾವಕ್ಕನ ದವಡೆ ಹಲ್ಲು ಹೆರಿಗೆಯಾದಾಗಿನಿಂದ ನೋಯುತ್ತಿದ್ದವು. ಹಸಿ ಗಜ್ಜರಿ ಅಗಿಯಲು ಬಾರದು. ಹಾಗಾಗಿ ಅವಳು ತುರಿಯುವ ಮಣೆಯ ಮುಂದೆ ಕೂತು ರಾಶಿ ರಾಶಿ ತುರಿದು, ತುರಿಯನ್ನು ಬಟ್ಟೆಯಲ್ಲಿ ಕಟ್ಟಿ, ಮೈಯ ಭಾರವನ್ನೆಲ್ಲ ಹಾಕಿ ಹಿಂಡಿ ರಸ ತೆಗೆಯುತ್ತಿದ್ದಳು. ಚರಗಿ ಎಂದರೆ ನೀರು ಕುಡಿಯುವ ತಂಬಿಗೆ. ಮುಂಜಾನೆ ಒಂದು ಚರಗಿ, ಮಧ್ಯಾಹ್ನ ಒಂದು ಚರಗಿ, ಮಗ್ಗ ಬಿಟ್ಟೆದ್ದಾಗ ಇನ್ನೊಂದು. ಮೇಲೆ ತುಪ್ಪದ ಹನಿ. ಹಿಂಡಿ ಉಳಿದದ್ದು ಮನೆಯ ಆಡಿನ ಮೇವಿಗೆ.

ಹಿಂಡುತ್ತಿದ್ದ ಬಟ್ಟೆ ಯಾವುದೆಂದರೆ, ನೂಲಿಗೆ ಹಾಕುವ ಗಂಜಿಯನ್ನು ಸೋಸುತ್ತಿದ್ದ ಹಳೆಯ ಬಿಳಿ ಬಟ್ಟೆ. ಕೆಲವೇ ದಿನಗಳಲ್ಲಿ ಅದು ಅರಿಷಿಣದಲ್ಲಿ ಅದ್ದಿದ ಹಾಗಾಯಿತು. ತೊಳೆದು ಹಗ್ಗದ ಮೇಲೆ ಒಣಹಾಕಿದರೆ ಓಣಿಗೆಲ್ಲ ಕಾಣುವುದು. ಬೇರೆ ಯಾವ ಮನೆಯಲ್ಲಾದರೂ "ಇದೇನವ್ವಾ ಇಷ್ಟು ಹಳದಿ?" ಎಂದು ಒಬ್ಬರಾದರೂ ಕೇಳುತ್ತಿದ್ದರು. ನೇಕಾರರ ಓಣಿಯಲ್ಲಿ ಹಳದಿ ಬಟ್ಟೆ, ಕೆಂಪು ಬಟ್ಟೆ, ನೀಲಿ ಬಟ್ಟೆ ನೇತಾಡದ ಅಂಗಳವೇ ಇಲ್ಲ. ನಾನೂ ದಿನಾ ನೋಡಿದೆ. ನೂಲಿನ ಬಣ್ಣ ಎಂದುಕೊಂಡು ಸುಮ್ಮನಾದೆ.

ಕಣ್ಣು ಮಾತ್ರ ಖರೇ ಸುಧಾರಿಸಿತು. ಎಳ್ಳಮವಾಸ್ಯೆಯ ಹೊತ್ತಿಗೆ ಸಾವಕ್ಕ ಮಬ್ಬಿನಲ್ಲಿ ಬಾಗಿಲು ಹುಡುಕದೆ ನೇರ ನಡೆದಳು. ಕುಣಿಯ ಅಂಚು ಕಂಡಿತು, ಒಲೆಯ ಬೂದಿಯಲ್ಲಿ ಮಲಗಿದ ಬೆಕ್ಕೂ ಕಂಡಿತು. "ನೋಡ್ರಿ ಅತ್ತಿ, ನಿಮ್ಮ ಮೂಗಿನ ನತ್ತು ಕಾಣಾಕತ್ತೇತಿ" ಎಂದು ಕುಣಿದಾಡಿದಳು. ಕಲ್ಲವ್ವ "ಮೂಗ ಕಂಡ್ರ ಸಾಕಿತ್ತು" ಎಂದಳು. ಕಣ್ಣು ಬಂತೆಂದು ರಸ ಬಿಟ್ಟಳೇ? ಇಲ್ಲ. ಬಿಟ್ಟರೆ ಮತ್ತೆ ಹೋದೀತು ಎಂಬ ಹೆದರಿಕೆ. ಚರಗಿ ಹೋಗಿ ಅದಕ್ಕಿಂತ ದೊಡ್ಡ ತತ್ರಾಣಿ ಬಂತು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಹುಚ್ಚಪ್ಪ ಊಟಕ್ಕೆ ಕೂತವನು ರೊಟ್ಟಿ ನೀಡುತ್ತಿದ್ದ ಹೆಂಡತಿಯ ಕೈ ಹಿಡಿದು ತಿರುಗಿಸಿದ. ಅಂಗೈ ಹಳದಿ. ಬಿಸಿಲಿಗೆ ಕರೆದುಕೊಂಡು ಹೋಗಿ ನೋಡಿದ. ಹಳದಿಯೇ. ಆಗ ಅವರ ಮಗ್ಗದ ಮೇಲಿದ್ದದ್ದು ಹಳದಿ ಸೀರೆ. ಅವನಿಗೆ ತಿಳಿದ ಕಾರಣ ಒಂದೇ: ನೂಲು ಬಣ್ಣ ಬಿಡುತ್ತಿದೆ. ನೇಕಾರನಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಉಟ್ಟವರ ಮೈಗೆ ಬಣ್ಣ ಹತ್ತಿದರೆ ಆ ಮನೆಯ ಸೀರೆಯನ್ನು ಇನ್ನೊಮ್ಮೆ ಯಾರೂ ಮುಟ್ಟುವುದಿಲ್ಲ. ಸಾವಕ್ಕ ಅಂಟುವಾಳಕಾಯಿ ಹಚ್ಚಿ ಉಜ್ಜಿದಳು, ಬೂದಿ ಹಚ್ಚಿ ಉಜ್ಜಿದಳು. ಅಂಗೈ ಕೆಂಪಾಯಿತು, ಆಮೇಲೆ ಮತ್ತೆ ಹಳದಿಯಾಯಿತು.

ಹುಚ್ಚಪ್ಪ ನೂಲಿನ ಲಡಿ ಬಗಲಲ್ಲಿ ಇಟ್ಟುಕೊಂಡು, ಹೆಂಡತಿಯನ್ನು ಹಿಂದೆ ಕರೆದುಕೊಂಡು, ಬಣ್ಣ ಹಾಕುವ ಅಕ್ಬರಸಾಬನ ಮನೆಗೆ ಹೋದ. ಅಕ್ಬರಸಾಬನ ಮನೆ ಓಣಿಯ ತುದಿಗೆ. ಮೊಣಕೈತನಕ ನೀಲಿಯಾದ ಕೈ, ಬಿಳಿ ಗಡ್ಡ. ಜಗಳಕ್ಕೂ ನಗುನಗುತ್ತಲೇ ಬರುವವನು.

"ಏನೋ ಮಾವಾ, ನಿನ್ನ ಹಳದಿ ನಮ್ಮ ಮನಿ ಹೆಣ್ಮಗಳಿಗೇ ಹತ್ತೇತಲ್ಲೋ" ಎಂದ ಹುಚ್ಚಪ್ಪ.

"ನನ್ನ ಬಣ್ಣ?" ಅಕ್ಬರಸಾಬ ಎದ್ದು ನಿಂತ. "ಹುಚ್ಚಪ್ಪಾ, ಹೆಸರಿಗೆ ತಕ್ಕಂಗ ಮಾತಾಡಬ್ಯಾಡ. ಇಲ್ಲೇ ಕೂಡು."

ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಅದರಲ್ಲಿ ಸೋಡಾ ಹಾಕಿದ, ಸಬಕಾರ ಕೆತ್ತಿ ಹಾಕಿದ, ಹುಚ್ಚಪ್ಪ ತಂದ ಲಡಿಯನ್ನೇ ಮುಳುಗಿಸಿದ. ಜೊತೆಗೆ ಒಂದು ಬಿಳಿ ನೂಲಿನ ಲಡಿಯನ್ನೂ ಬಿಟ್ಟ. ಚಹಾ ಕುಡಿಯುವಷ್ಟು ಹೊತ್ತು ಕುದಿಸಿ ಕೋಲಿನಿಂದ ಎತ್ತಿದ. ನೀರಿಗೆ ಬಣ್ಣವಿಲ್ಲ. ಬಿಳಿ ನೂಲು ಬಿಳಿಯಾಗೇ ಇತ್ತು.

"ಈಗೇನಂತೀ?" ಎಂದವನು ಸಾವಕ್ಕನ ಕಡೆ ತಿರುಗಿದ. "ಮಗಳ, ಕೈ ತೋರ್ಸು. ಬಣ್ಣ ಹತ್ತಿದ್ರ ಮೊದಲ ಉಗುರಿನ ಸಂದಿಗೆ ಕೂಡ್ತೈತಿ, ನನ್ನ ಕೈ ನೋಡು. ನಿನ್ನ ಉಗುರು ಸ್ವಚ್ಛ ಅದಾವಲ್ಲ? ಎಲ್ಲಿ, ಕಾಲು ತೋರ್ಸು."

ಸಾವಕ್ಕ ಸಂಕೋಚದಿಂದ ಅಂಗಾಲು ತಿರುಗಿಸಿದಳು. ಅಂಗಾಲೂ ಹಳದಿ. ನೂಲಿಗೂ ಅಂಗಾಲಿಗೂ ಏನು ಸಂಬಂಧ? ಗೆದ್ದ ಅಕ್ಬರಸಾಬನ ಮುಖದ ನಗು ಅಲ್ಲೇ ಆರಿಹೋಯಿತು. ಬಣ್ಣದ ತಪ್ಪೇ ಆಗಿದ್ದರೆ ಚಲೋ ಇತ್ತು ಎಂದು ಅವನಿಗೂ ಅನಿಸಿರಬೇಕು.

"ಇದು ಹೊರಗಿನ ಬಣ್ಣ ಅಲ್ಲಪಾ" ಎಂದ ಮೆಲ್ಲಗೆ. "ಒಳಗಿಂದ ಬಂದೈತಿ."

ಒಳಗಿಂದ ಹಳದಿ ಬಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವ ಹೆಸರು ಒಂದೇ: ಕಾಮಣಿ, ಎಂದರೆ ಕಾಮಾಲೆ. ಹಿಂದಿನ ವರ್ಷ ಅದೇ ಓಣಿಯ ಒಬ್ಬ ಗಟ್ಟಿ ಗಂಡಸು ಕಾಮಣಿಯಾಗಿ ತೀರಿಹೋಗಿದ್ದ. ಸುದ್ದಿ ಕೇಳಿ ಕಲ್ಲವ್ವ ತೊಟ್ಟಿಲಿನ ಕಡೆ ಓಡಿದಳು. ಕೂಸನ್ನು ಬೆಳಕಿಗೆ ತಂದು ನೋಡಿದಳು. ಅದರ ಮೂಗಿನ ತುದಿಯೂ ಕೊಂಚ ಹಳದಿ.

ಅವತ್ತಿನಿಂದ ಕೂಸಿಗೆ ಸಾವಕ್ಕನ ಎದೆಹಾಲು ಬಂದ್ ಆಯಿತು. ಕಾಮಣಿ ಹಾಲಿನಲ್ಲಿ ಇಳಿಯುತ್ತದೆ ಎಂಬ ಹೆದರಿಕೆ. ಸಾವಕ್ಕನಿಗೆ ಹಿತ್ತಲ ಕೋಣೆ, ಬೇರೆ ತಾಟು, ಬೇರೆ ಚಾಪೆ. ಕೂಸಿಗೆ ಆಡಿನ ಹಾಲಿಗೆ ನೀರು ಬೆರೆಸಿ ಅರಳೆಯ ಬತ್ತಿಯಿಂದ ಬಾಯಿಗೆ ಹಿಂಡುವುದು. ಅದು ಕುಡಿಯಲಾರದೆ ಕಿರುಚುತ್ತಿತ್ತು. ಇತ್ತ ಕೋಣೆಯಲ್ಲಿ ತಾಯಿಯ ಎದೆ ಕಲ್ಲಾಗಿ, ಕುಪ್ಪಸ ನೆನೆದು, ಹಾಲನ್ನು ಗೋಡೆಗೆ ಹಿಂಡಿ ಚೆಲ್ಲಬೇಕಾಗಿತ್ತು. ಕೂಸು ಅತ್ತಾಗಲೆಲ್ಲ ಅವಳು ಬಾಗಿಲವರೆಗೆ ಬರುವಳು, ನಿಲ್ಲುವಳು, ತಿರುಗಿ ಹೋಗುವಳು. ಯಾರೂ ಕಾವಲಿರಲಿಲ್ಲ. ತನ್ನಿಂದ ಕೂಸಿಗೆ ಏನಾದರೂ ಆದೀತೆಂದು ತಾನೇ ತಡೆದುಕೊಳ್ಳುತ್ತಿದ್ದಳು.

ಜಕ್ಕಲಿಯ ಹೇಮಪ್ಪ ಕಾಮಣಿಗೆ ಬರೆ ಹಾಕುವುದರಲ್ಲಿ ಹೆಸರಾದವನು. ಒಳ್ಳೆಯ ಮನುಷ್ಯ, ಕೈಯೊಡ್ಡಿ ಏನೂ ಕೇಳದವನು. ಬಂದು ನೋಡಿದ. ಕಣ್ಣ ರೆಪ್ಪೆ ಎತ್ತಿ, "ಕಣ್ಣು ಇನ್ನೂ ಬೆಳ್ಳಗ ಅದಾವ. ಏರಿಲ್ಲ. ಏರೂದ್ರಾಗ ಹಿಡೀಬೇಕು" ಎಂದ. ಮುಂದಿನ ಆದಿತ್ಯವಾರ ಬಂದು ಕಾಸಿದ ಕಬ್ಬಿಣದಿಂದ ಮುಂಗೈಗೆ ಬರೆ ಹಾಕುವುದೆಂದು ಹೇಳಿದ. ಅಲ್ಲಿಯವರೆಗೆ ಪಥ್ಯ: ರೊಟ್ಟಿ ಬ್ಯಾಡ, ಎಣ್ಣೆ ಬ್ಯಾಡ, ಖಾರ ಬ್ಯಾಡ, ತಂಪಾದದ್ದು ಏನಿದ್ದರೂ ಕೊಡಿ.

ತಂಪಾದದ್ದು ಮನೆಯಲ್ಲಿ ಏನಿತ್ತು? ಚೀಲ ಚೀಲ ಗಜ್ಜರಿ. ಕಲ್ಲವ್ವ ತಾನೇ ತುರಿಯಲು ಕೂತಳು. ಅದೇ ಬಟ್ಟೆಯಲ್ಲಿ ಹಿಂಡಿ, ತುಪ್ಪ ಬಿಟ್ಟು, ಸೊಸೆ ಸೊರಗಬಾರದೆಂದು ಯಾರಿಗೂ ಹೇಳದೆ ಕೆನೆಹಾಲು ಬೆರೆಸಿ, ಹೊತ್ತುಹೊತ್ತಿಗೆ ಕೋಣೆಯ ಬಾಗಿಲಿಗೆ ಇಟ್ಟಳು. "ಕುಡಿ ನನ್ನವ್ವ, ಇದೊಂದು ಕುಡಿ" ಎಂದು ಗೋಗರೆದು ಕುಡಿಸಿದಳು. ರೊಟ್ಟಿಯೂ ಇಲ್ಲದ ಹಸಿವಿಗೆ ಸಾವಕ್ಕ ಗಟಗಟ ಕುಡಿದಳು. ಅಂಗೈಯ ಹಳದಿ ಮುಖಕ್ಕೆ ಬಂತು. ಮೂಗಿನ ಇಕ್ಕೆಲ, ಹಣೆ, ಗದ್ದ. ಕಲ್ಲವ್ವ ಅದನ್ನು ಕಂಡು ಇನ್ನೊಂದು ಚರಗಿ ಹಿಂಡಿದಳು.

ಶುಕ್ರವಾರ ಸಾವಕ್ಕ ಕೋಣೆಯಿಂದ ಹೊರಗೆ ಬಂದು ಗಂಡನ ಮುಂದೆ ನಿಂತಳು.

"ಬರಿ ಹಾಕಸ್ಕೋತೀನಿ. ಬ್ಯಾಡ ಅನ್ನೂದಿಲ್ಲ. ಅದಕ್ಕೂ ಮೊದಲ ಒಮ್ಮೆ ನರೇಗಲ್ ಡಾಕ್ಟರ್ ಕಡೆ ಹೋಗೂಣು."

"ಅವನೇನ್ ಮಾಡ್ತಾನ? ಮತ್ತ ಮೀನ ಅಂತಾನ."

"ಅಂದ್ರ ಕುಡೀತೀನಿ" ಎಂದಳು ಸಾವಕ್ಕ. "ಮೀನಾದ್ರೂ ಕುಡೀತೀನಿ, ಮೊಸಳಿ ಆದ್ರೂ ಕುಡೀತೀನಿ. ಕೂಸು ದಿನಾ ಕುಗ್ಗಾಕತ್ತೇತಿ. ಕಣ್ಣು ಕೊಟ್ಟಾಂವ ಅವನ. ಇನ್ನೊಮ್ಮೆ ಕೇಳೂಣು."

ಹುಚ್ಚಪ್ಪ ಮೋಟಾರಿನ ಹೊತ್ತು ಕೇಳಿಕೊಂಡು ಬಂದ. ಮರುದಿನ ಗದಗಿನ ಕಡೆ ಹೋಗುವ ಮೋಟಾರಿಗೆ ಎಲ್ಲರೂ ಹೊರಟರು. ಕೂಸನ್ನು ತಾಯಿ ಮುಟ್ಟುವಂತಿಲ್ಲ, ಕಲ್ಲವ್ವನ ಮೊಣಕಾಲು ನೋವು, ಹೀಗಾಗಿ ಎತ್ತಿಕೊಳ್ಳಲು ಪಕ್ಕದ ಮನೆಯವಳಾದ ನನ್ನನ್ನೂ ಕರೆದುಕೊಂಡರು. ಕಲ್ಲವ್ವ ದಾರಿಯ ಪಥ್ಯಕ್ಕೆಂದು ಚರಗಿ ತುಂಬಿ, ಬಾಯಿಗೆ ಅದೇ ಬಟ್ಟೆ ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಮೋಟಾರು ಕುಲುಕಿದಾಗಲೆಲ್ಲ ಚರಗಿಯನ್ನು ಕೂಸಿನಂತೆ ಅಪ್ಪಿಕೊಳ್ಳುತ್ತಿದ್ದಳು. ಸಾವಕ್ಕ ಕಿಡಕಿಯ ಹತ್ತಿರ, ಮುಖದ ಮೇಲೆ ಸೆರಗು.

ಪ್ರಭುಲಿಂಗಪ್ಪ ಡಾಕ್ಟರು ಸೆರಗು ಸರಿಸಿ ನೋಡಿದರು. ಬೆಳಕಿನ ಕಡೆ ಕೂರಿಸಿ ಕೆಳಗಿನ ರೆಪ್ಪೆ ಜಗ್ಗಿ ನೋಡಿದರು. ಮೇಲೆ ನೋಡು ಎಂದರು, ಕೆಳಗೆ ನೋಡು ಎಂದರು. ನಾಲಿಗೆ ನೋಡಿದರು. ಅಂಗೈ, ಅಂಗಾಲು ನೋಡಿದರು. ಹೊಟ್ಟೆಯ ಬಲಗಡೆ ಒತ್ತಿದರು.

"ನೋವು?"

"ಇಲ್ರಿ."

"ವಾಂತಿ? ಜ್ವರ? ಮೈ ತುರಿಕಿ?"

"ಏನೂ ಇಲ್ರಿ."

"ಹಸಿವು?"

"ಭಾಳ ಐತ್ರಿ. ಕೊಡವಲ್ರು."

"ಮೂತ್ರ ಹ್ಯಾಂಗ ಹೊಕ್ಕೈತಿ? ಎಣ್ಣಿ ಬಣ್ಣ ಏನಾರ?"

ಸಾವಕ್ಕ ತಲೆ ತಗ್ಗಿಸಿದಳು. ಕಲ್ಲವ್ವ ನಡುವೆ ಬಂದಳು. "ನೀರಿನಂಗ ಹೊಕ್ಕೈತ್ರಿ. ನಾ ನೋಡೇನಿ. ಹೊರಕಡಿನೂ ಸರಿ ಐತ್ರಿ."

ಡಾಕ್ಟರು ಕುರ್ಚಿಗೆ ಒರಗಿ ಚಾಳೀಸು ತೆಗೆದು ಒರೆಸಿಕೊಂಡರು. "ಕಾಮಣಿ ಆಗಿದ್ರ ಮೊದಲ ಕಣ್ಣಿನ ಬಿಳಿ ಭಾಗ ಹಳದಿ ಆಗಬೇಕು. ಮೂತ್ರ ಕಪ್ಪಾಗಬೇಕು. ಊಟ ಸೇರಬಾರದು. ಇಕಿ ನೋಡಿದ್ರ ನನ್ನನ್ನ ತಿನ್ನೂವಂಗ ನೋಡಾಕತ್ತಾಳ" ಎಂದರು. ಅವರಿಗೂ ಬಗೆಹರಿದಿರಲಿಲ್ಲ. "ಏನ್ ಊಟ ಮಾಡ್ತಿ ದಿನಾ?"

"ಜ್ವಾಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ. ಎಲ್ಲಾರೂ ಏನ್ ಉಣ್ತಾರ ಅದನ್ನ ಉಣ್ತಿದ್ದೆ. ಈಗ ಪಥ್ಯ."

ಅವಳು ಸುಳ್ಳು ಹೇಳಲಿಲ್ಲ. ಗಜ್ಜರಿ ಅವಳ ಲೆಕ್ಕಕ್ಕೆ ಊಟವೇ ಅಲ್ಲ, ಡಾಕ್ಟರೇ ಕೊಟ್ಟ ಔಷಧ. ತಾವೇ ಕೊಟ್ಟ ಔಷಧವನ್ನು ಅವರಿಗೆ ಹೇಳುವುದೇನಿದೆ? ಡಾಕ್ಟರು ಮೇಜನ್ನು ಬೆರಳಿನಿಂದ ತಟ್ಟುತ್ತ ಕೂತರು. ಅಷ್ಟರಲ್ಲಿ ಕಲ್ಲವ್ವ ಮೆಲ್ಲಗೆ ಕೇಳಿದಳು:

"ಸಾಹೇಬ್ರ, ಹೊತ್ತಾತು. ಈ ಹುಡುಗಿಗೆ ಪಥ್ಯದ ಚರಗಿ ಕುಡಸಲ್ರೀ?"

"ಕುಡಸ್ರಿ, ಕುಡಸ್ರಿ."

ಕಲ್ಲವ್ವ ಬಟ್ಟೆ ಬಿಚ್ಚಿ ಮೇಜಿನ ಅಂಚಿಗೆ ಇಟ್ಟಳು. ಡಾಕ್ಟರ ಬೆರಳು ನಿಂತಿತು. ಆ ಬಟ್ಟೆಯನ್ನು ಎತ್ತಿ ಹಿಡಿದರು. ಬಟ್ಟೆಯ ಪಕ್ಕಕ್ಕೆ ಸಾವಕ್ಕನ ಅಂಗೈಯನ್ನು ಇಟ್ಟು ನೋಡಿದರು. ಎರಡೂ ಬಟ್ಟೆಯ ಒಂದೇ ತಾನಿನಿಂದ ಕತ್ತರಿಸಿದ ಹಾಗಿದ್ದವು.

"ಇದೇನು ಕುಡಸಾಕತ್ತೀರಿ?"

"ಗಜ್ಜರಿ ರಸಾರೀ. ನೀವ ಹೇಳಿದ್ರಲ್ಲಾ, ಕಣ್ಣಿಗೆ."

"ನಾ ಗಜ್ಜರಿ ತಿನ್ನು ಅಂದಿದ್ದೆ. ದಿನಾ ಎಷ್ಟು ಕುಡೀತಿ ತಂಗಿ?"

"ಮೊದಲ ಮೂರು ಚರಗಿ ಕುಡೀತಿದ್ದೆ. ಈಗ ಅತ್ತಿ ಹಿಂಡಿದಷ್ಟೂ."

"ಯಾವಾಗಿಂದ?"

"ನೀವು ಹೇಳಿದಾಗಿಂದ್ರಿ."

ಡಾಕ್ಟರು ಆ ಬಟ್ಟೆಯಿಂದಲೇ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಕೆಮ್ಮೋ ಅಳುವೋ ಎಂದು ನಾನು ಗಾಬರಿಯಾದೆ. ನಗು. ಅಷ್ಟು ಸಣ್ಣ ಧ್ವನಿಯ ಮನುಷ್ಯನಿಂದ ಅಂಥ ನಗು ಬಂದೀತೆಂದು ಯಾರೂ ಎಣಿಸಿರಲಿಲ್ಲ. ಹೊರಗೆ ಕೂತ ರೋಗಿಗಳೂ ಬಾಗಿಲಲ್ಲಿ ಇಣುಕಿದರು.

"ತಂಗಿ, ನಿನಗ ಕಾಮಣಿ ಇಲ್ಲ, ಗಿಮಣಿ ಇಲ್ಲ. ನೀ ಒಂದು ಹೊಲಾನ ಕುಡದೀ!" ಎಂದರು. ಆಮೇಲೆ ನಗು ತಡೆದುಕೊಂಡು, ನಮಗೆಲ್ಲ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಗಜ್ಜರಿಯೊಳಗೆ ಒಂದು ಬಣ್ಣ ಇರುತ್ತದೆ, ಬೀಟಾ ಕ್ಯಾರೋಟೀನ್ ಎಂದು ಅದರ ಹೆಸರು. ಕಣ್ಣಿಗೆ ಬೇಕಾದ ಸತ್ವವನ್ನು ಮೈ ಅದರಿಂದಲೇ ಮಾಡಿಕೊಳ್ಳುತ್ತದೆ. ತನಗೆ ಬೇಕಾದಷ್ಟನ್ನು ಮಾತ್ರ ಮಾಡಿಕೊಳ್ಳುತ್ತದೆ. ಮಿಕ್ಕ ಬಣ್ಣ ಬಣ್ಣವಾಗಿಯೇ ರಕ್ತದಲ್ಲಿ ತಿರುಗಿ ಚರ್ಮದಲ್ಲಿ ಕೂಡುತ್ತದೆ. ಚರ್ಮ ದಪ್ಪ ಇದ್ದಲ್ಲಿ, ಅಂಗೈ ಅಂಗಾಲಿನಲ್ಲಿ, ಹೆಚ್ಚು ಕಾಣುತ್ತದೆ. ಬೆವರು, ಜಿಡ್ಡು ಇದ್ದಲ್ಲಿ, ಮೂಗಿನ ಪಕ್ಕ, ಹಣೆಯ ಮೇಲೆ ಕಾಣುತ್ತದೆ. ಕಣ್ಣಿನ ಬಿಳಿಗೆ ಹತ್ತುವುದಿಲ್ಲ.

"ಹಂಗಾರ ಜೀವಕ್ಕೇನೂ ಇಲ್ರೀ?" ಎಂದ ಹುಚ್ಚಪ್ಪ.

"ಏನೂ ಇಲ್ಲ. ಮೀನಿನ ಎಣ್ಣಿ ಹಿಂಗ ಚರಗಿಗಟ್ಟಲೆ ಕುಡದಿದ್ರ ನಾ ನಗ್ತಿರಲಿಲ್ಲ, ಅದರಾಗ ಸತ್ವ ತಯಾರಾಗೇ ಇರ್ತೈತಿ, ಅತಿ ಆದ್ರ ವಿಷ. ಇದು ಹಂಗಲ್ಲ. ರಸ ಬಿಟ್ರ ಬಣ್ಣ ತಾನ ಇಳೀತೈತಿ. ಲಗೂನ ಇಳಿಯೂದಿಲ್ಲ, ವಾರಗಟ್ಟಲೆ ಬೇಕು, ತಿಂಗಳೂ ಹಿಡೀಬಹುದು. ಗಾಬರಿ ಆಗಬ್ಯಾಡ್ರಿ. ಮತ್ತ ಉಜ್ಜಬ್ಯಾಡ, ಚರ್ಮ ಕಿತ್ತೀತು."

ಸಾವಕ್ಕ ಇದಾವುದನ್ನೂ ಕೇಳುತ್ತಿರಲಿಲ್ಲ. ಅವಳ ಕಣ್ಣು ನನ್ನ ತೋಳಿನ ಮೇಲಿತ್ತು.

"ಕೂಸಿಂದ್ರೀ? ಅದರ ಮೂಗ..."

ಡಾಕ್ಟರು ಎದ್ದು ಬಂದು ಕೂಸಿನ ಕಣ್ಣು, ಹೊಟ್ಟೆ, ಅಂಗೈ ನೋಡಿದರು. "ನಿನ್ನ ಹಾಲಿನಾಗ ಒಂದಿಷ್ಟು ಬಣ್ಣ ಹೋಗಿರ್ತೈತಿ, ಅಷ್ಟ. ಕಣ್ಣು ಮಲ್ಲಿಗಿ ಹೂವಿನಂಗ ಅದಾವ. ಇದಕ್ಕ ಇರೂ ರೋಗ ಒಂದ: ಹಸಿವು. ಎದಿಗೆ ಹಾಕ್ಕೋ, ಈಗಿಂದೀಗ."

ನಾನು ಕೊಡುವ ಮೊದಲೇ ಸಾವಕ್ಕ ಕಿತ್ತುಕೊಂಡಳು. ದವಾಖಾನೆಯ ಹಿತ್ತಲಲ್ಲಿ ಒಂದು ಬೇವಿನ ಗಿಡ ಇತ್ತು. ಅದರ ಬುಡಕ್ಕೆ ಬೆನ್ನು ಹಚ್ಚಿ ಕೂತಳು. ಕೂಸು ಮೊದಲು ಮುಖ ಉಜ್ಜಿ ಹುಡುಕಿ, ಸಿಕ್ಕ ಕೂಡಲೇ ಎರಡೂ ಕೈಯಿಂದ ಹಿಡಿದುಕೊಂಡಿತು. ಗುಟುಕಿನ ಸದ್ದು ನಿಂತವರಿಗೂ ಕೇಳುತ್ತಿತ್ತು. ಸಾವಕ್ಕನ ಹಳದಿ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಕಲ್ಲವ್ವ ಚರಗಿ ಹಿಡಿದುಕೊಂಡು ಪಕ್ಕದಲ್ಲಿ ನಿಂತವಳು ಏನು ಮಾಡಬೇಕೆಂದು ತಿಳಿಯದೆ ಗಜ್ಜರಿ ರಸವನ್ನು ಬೇವಿನ ಬುಡಕ್ಕೆ ಸುರಿದುಬಿಟ್ಟಳು.

"ಅತ್ತಿ, ಬೇವಿನ ಗಿಡಕ್ಕೂ ಕಾಮಣಿ ಹಚ್ಚತೀರೇನ್ರಿ?" ಎಂದಳು ಸಾವಕ್ಕ.

"ಸುಮ್ ಕೂಡ ಹುಚ್ಚಿ! ನಾ ಕೈಯಾರೆ ಹಿಂಡಿ ಹಿಂಡಿ ಕುಡಸೇನಿ. ಹಾಲು ಬ್ಯಾರೆ ಹಾಕೇನಿ, ಕೆನಿ ಸುದ್ದಾ." ಎಂದವಳು ಅಲ್ಲೇ ಕೂತು ಸೊಸೆಯ ಅಂಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಸವರಿದಳು. ಅತ್ತೆ ಸೊಸೆಯ ಕಾಲು ಹಿಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ತಿರುಗಿ ಬರುವ ಮೋಟಾರಿನಲ್ಲಿ ಹುಚ್ಚಪ್ಪ ಅಂಗಡಿಯಿಂದ ಕಟ್ಟಿಸಿಕೊಂಡು ಬಂದ ಖಾರದ ಮಿರ್ಚಿ ಭಜಿಯನ್ನು ಸಾವಕ್ಕ ಒಬ್ಬಳೇ ತಿಂದು ಮುಗಿಸಿದಳು. ಮರುದಿನ ಆದಿತ್ಯವಾರ ಹೇಮಪ್ಪ ತನ್ನ ಕಬ್ಬಿಣ ತೆಗೆದುಕೊಂಡು ಬಂದಾಗ, ಕಲ್ಲವ್ವ ಅವನನ್ನು ಕೂರಿಸಿ ಚಹಾ ಕೊಟ್ಟು ನಡೆದದ್ದನ್ನೆಲ್ಲ ಹೇಳಿದಳು. ಅವನು ಸಾವಕ್ಕನ ಕಣ್ಣು ಮತ್ತೊಮ್ಮೆ ನೋಡಿ, "ಬೆಳ್ಳಗ ಇದ್ದದ್ದನ್ನ ನಾನೂ ನೋಡಿದ್ದೆ. ನೋಡಿದ್ರೂ ಹೊಳೀಲಿಲ್ಲ. ಒಂದು ಎಳಿ ಚರ್ಮ ಸುಡೂದು ತಪ್ಪಿತು, ಚಲೋ ಆತು" ಎಂದ. ಹೋಗುವಾಗ ಒಂದು ಬುಟ್ಟಿ ಗಜ್ಜರಿ ಕೇಳಿಕೊಂಡು ಹೋದ, ಅವನ ಹೆಂಡತಿಗೂ ಸಂಜೆ ಕಣ್ಣು ಮಂಜಂತೆ. ಕಲ್ಲವ್ವ ಊರ ಅಗಸಿ ಬಾಗಿಲತನಕ ಬೆನ್ನಟ್ಟಿ, "ಪಲ್ಯಾ ಮಾಡಿ ಒಂದೀಟ ತಿನ್ನಾಕ ಹೇಳಪಾ, ಹಿಂಡಾಕ ಹೇಳಬ್ಯಾಡ" ಎಂದು ಎಚ್ಚರಿಸಿ ಬಂದಳು.

ಸಾವಕ್ಕ ಅಕ್ಬರಸಾಬನ ಮನೆಗೂ ಹೋದಳು, ಗಂಡನ ಪರವಾಗಿ ತಪ್ಪಾಯಿತು ಎಂದು ಹೇಳಲು. ಅವನು ಅವಳ ಕೈ ನೋಡಿ ತಲೆದೂಗಿದ. "ಇಂಥಾ ಹಳದಿ ನನ್ನ ಹಂಡ್ಯಾಗ ಒಮ್ಮೆನೂ ಬಂದಿಲ್ಲ ಮಗಳ. ಗುಟ್ಟು ಹೇಳಿಬಿಡು."

"ಬ್ಯಾಡ ಮಾವಾ. ನಂದು ಕಚ್ಚಾ ಬಣ್ಣ. ಹೋಗಿಬಿಡ್ತೈತಿ. ನಿಂದ ಪಕ್ಕಾ."

ಆ ಮಾತನ್ನು ಅಕ್ಬರಸಾಬ ಬಹಳ ದಿನ ಬಂದವರಿಗೆಲ್ಲ ಹೇಳಿಕೊಂಡ.

ಡಾಕ್ಟರು ಹೇಳಿದಂತೆ ಬಣ್ಣ ನಿಧಾನ ಇಳಿಯಿತು. ಹೋಳಿಯ ಹೊತ್ತಿಗೆ ಮುಖ ತಿಳಿಯಾಯಿತು. ಓಣಿಯ ಹೆಂಗಸರು ಬಣ್ಣ ಎರಚಲು ಬಂದರೆ ಸಾವಕ್ಕ "ನಂದು ಮುಗದೈತ್ರಿ" ಎಂದು ಅಂಗೈ ತೋರಿಸುತ್ತಿದ್ದಳು. ಅಂಗಾಲಿನದು ಯುಗಾದಿ ದಾಟಿದ ಮೇಲೆ ಹೋಯಿತು. ಗಂಜಿ ಸೋಸುವ ಬಟ್ಟೆಯ ಹಳದಿ ಮಾತ್ರ ಹೋಗಲಿಲ್ಲ. ಕಲ್ಲವ್ವ ಅದನ್ನು ಹರಿದು ಕೂಸಿನ ತೊಟ್ಟಿಲಿಗೆ ಹಾಸಿದಳು.

ಸಾವಕ್ಕ ಆಮೇಲೆ ಇನ್ನಿಬ್ಬರನ್ನು ಹೆತ್ತಳು. ತಲೆ ಹಣ್ಣಾಗುವವರೆಗೂ ಅಂಚು ನೇಯ್ದಳು. ಗಜ್ಜರಿ ಕಾಲಕ್ಕೆ ಪಲ್ಯ ಮಾಡುತ್ತಿದ್ದಳು, ತಾಟಿನ ತುದಿಗೆ ಇಷ್ಟೇ ಇಷ್ಟು. ಉಳಿದ ಕೆಲಸಗಳಲ್ಲಿ ಮೊದಲಿನ ಸಾವಕ್ಕನೇ. ರೊಟ್ಟಿಯ ಬುಟ್ಟಿಯ ಗೋಪುರ ಹಾಗೆಯೇ ಇತ್ತು.

ನನಗೆ ನೆನಪಿರುವುದು ನರೇಗಲ್ಲಿನಿಂದ ತಿರುಗಿ ಬಂದ ಆ ಸಂಜೆ. ಹೊತ್ತು ಮುಳುಗಿತ್ತು, ದೀಪ ಇನ್ನೂ ಹಚ್ಚಿರಲಿಲ್ಲ. ಅವರ ಮನೆಯ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಮಬ್ಬು, ನನಗೆ ಮಗ್ಗದ ಕಂಬವೂ ಸರಿಯಾಗಿ ಕಾಣುತ್ತಿರಲಿಲ್ಲ. ಸಾವಕ್ಕ ಮಲಗಿದ ಕೂಸನ್ನು ಹೆಗಲಿಗೆ ಹಾಕಿಕೊಂಡು ಒಳಗಿನಿಂದ ಬಂದಳು. ಕುಣಿಯ ಅಂಚಿನ ಹತ್ತಿರ ನಾನು ಉಸಿರು ಹಿಡಿದೆ. ಅವಳು ಒಂದು ಗೇಣು ದೂರದಲ್ಲೇ ತಿರುಗಿ, ಸುತ್ತಿಕೊಂಡು, ತೊಟ್ಟಿಲ ಹತ್ತಿರ ಹೋಗಿ ಬಗ್ಗಿದಳು.

"ಅಕ್ಕಾ, ಯಾಕ ಹಂಗ ನಿಂತೀರಿ?" ಎಂದಳು ತಿರುಗದೆಯೇ. "ಕುಣಿ ಕಾಣ್ತೈತಿ. ಈ ಕೂಸಿನ ರೆಪ್ಪಿ ಕೂದಲಾನೂ ಕಾಣಾಕತ್ತಾವ."